ಕುಡಿಯಲು ಕೂರುವ ಮೊದಲೇ ಮನೆಗೆ ಮರಳುವ ವ್ಯವಸ್ಥೆ

ಪ್ರಶ್ನೆ: ಗೆಳೆಯನ ಮದುವೆ ಗೊತ್ತಾದ ಖುಷಿಗೆ ಬರುವ ಶನಿವಾರ ನಾವು ಆರು ಮಂದಿ ಗದಗ ರಸ್ತೆಯಲ್ಲಿ, ಹುಬ್ಬಳ್ಳಿಯಿಂದ ಹತ್ತು ಹನ್ನೆರಡು ಕಿಲೋಮೀಟರ್ ಆಚೆ ಇರುವ ಧಾಬಾಕ್ಕೆ ಹೊರಟಿದ್ದೇವೆ. ಮೂವರು ಧಾರವಾಡದವರು, ಇಬ್ಬರು ನವನಗರದವರು, ಒಬ್ಬ ಗದಗಿನವನು. ನಮ್ಮಲ್ಲಿ ಒಂದು ಕಾರು, ಎರಡು ಬೈಕು ಇವೆ. ಹೋದ ಸಲ ‘ಇವತ್ತ ನಾ ಕುಡಿಯೂದಿಲ್ಲ, ಗಾಡಿ ನಾನ ಹೊಡೀತೀನಿ’ ಎಂದವನೇ ಕೊನೆಗೆ ಎರಡು ಬಿಯರ್ ಕುಡಿದ. ‘ಬಿಯರಿಗೇನಾಗ್ತೈತಿ’ ಅಂದ. ಏನೂ ಆಗಲಿಲ್ಲ, ಆದರೆ ದಾರಿಯುದ್ದಕ್ಕೂ ನನಗೆ ಜೀವ ಕೈಯಲ್ಲಿತ್ತು. ಈ ಸಲ ಡ್ರೈವರ್ ಯಾರಾಗಬೇಕು, ಮೊದಲೇ ಏನೇನು ಮಾಡಿಟ್ಟುಕೊಳ್ಳಬೇಕು?

ಉತ್ತರ: ನಿಮ್ಮ ಗೆಳೆಯ ಕುಡಿದ ಆ ಎರಡು ಬಿಯರಿನ ಲೆಕ್ಕದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉಳಿದ ಏರ್ಪಾಡೆಲ್ಲ ಆ ಲೆಕ್ಕದ ಮೇಲೆ ನಿಂತಿದೆ. ನಮ್ಮಲ್ಲಿ ಸಿಗುವ ದೊಡ್ಡ ಬಿಯರ್ ಬಾಟಲಿ 650 ಮಿಲಿಲೀಟರಿನದು. ಅದು ಮೈಲ್ಡ್ ಆಗಿದ್ದು, ಅದರಲ್ಲಿ ಶೇಕಡ 5ರಷ್ಟು ಮದ್ಯಸಾರ ಇದ್ದರೆ ಒಂದು ಬಾಟಲಿಯಲ್ಲಿ ಸುಮಾರು 25 ಗ್ರಾಂ ಮದ್ಯಸಾರ ಇರುತ್ತದೆ. ಸ್ಟ್ರಾಂಗ್ ಆಗಿದ್ದು ಶೇಕಡ 8ರಷ್ಟು ಇದ್ದರೆ ಸುಮಾರು 41 ಗ್ರಾಂ. ವಿಸ್ಕಿ, ರಮ್ಮುಗಳ 60 ಮಿಲಿಲೀಟರಿನ ದೊಡ್ಡ ಪೆಗ್ಗಿನಲ್ಲಿ ಇರುವುದು ಸುಮಾರು 20 ಗ್ರಾಂ. ಅಂದರೆ ಒಂದು ಸ್ಟ್ರಾಂಗ್ ಬಿಯರ್ ಕುಡಿದವನೂ ಎರಡು ದೊಡ್ಡ ಪೆಗ್ ಹಾಕಿದವನೂ ಮದ್ಯಸಾರದ ಲೆಕ್ಕದಲ್ಲಿ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಬಿಯರ್ ಎಂದರೆ ಹಗುರ ಎಂಬ ನಂಬಿಕೆ ನಮ್ಮ ಕಡೆ ಬಹಳ ಗಟ್ಟಿಯಾಗಿ ಬೇರೂರಿದೆ, ಮತ್ತು ಡ್ರೈವರ್ ಆಗಲು ಒಪ್ಪಿಕೊಂಡವರು ಮಾತು ಮುರಿಯುವುದು ಹೆಚ್ಚಾಗಿ ಈ ನಂಬಿಕೆಯ ಬಾಗಿಲಿನಿಂದಲೇ.

70 ಕಿಲೋ ತೂಕದ ಗಂಡಸು ಎರಡು ಸ್ಟ್ರಾಂಗ್ ಬಿಯರ್ ಕುಡಿದು ಮೂರು ತಾಸು ಕಳೆದ ಮೇಲೆ ಅವನ 100 ಮಿಲಿಲೀಟರ್ ರಕ್ತದಲ್ಲಿ ಅಂದಾಜು 125 ಮಿಲಿಗ್ರಾಂ ಮದ್ಯಸಾರ ಉಳಿದಿರುತ್ತದೆ. ಎರಡೂ ಮೈಲ್ಡ್ ಆಗಿದ್ದರೆ 60ರ ಆಸುಪಾಸು. ಮೋಟಾರು ವಾಹನ ಕಾಯ್ದೆಯ 185ನೇ ಕಲಮು ಚಾಲಕನಿಗೆ ಹಾಕಿರುವ ಮಿತಿ 30 ಮಿಲಿಗ್ರಾಂ. ಹಾಗಾಗಿ ನಿಮ್ಮ ಗೆಳೆಯ ಹೋದ ಸಲ ಕಾನೂನಿನ ಮಿತಿಯ ಎರಡು ಪಟ್ಟಿನಿಂದ ನಾಲ್ಕು ಪಟ್ಟಿನವರೆಗೆ ಎಲ್ಲೋ ಒಂದು ಕಡೆ ಇದ್ದ ಎಂದು ತಿಳಿಯಬೇಕು. ಇದು ಅಂದಾಜಿನ ಲೆಕ್ಕ; ತೂಕ ಕಡಿಮೆ ಇದ್ದವರಲ್ಲಿ ಪ್ರಮಾಣ ಇನ್ನೂ ಏರುತ್ತದೆ, ಅಷ್ಟೇ ತೂಕದ ಹೆಂಗಸರಲ್ಲಿ ದೇಹದ ನೀರಿನಂಶ ಕಡಿಮೆ ಇರುವುದರಿಂದ ಮತ್ತಷ್ಟು ಏರುತ್ತದೆ. ಒಂದೇ ಒಂದು ದೊಡ್ಡ ಪೆಗ್ಗನ್ನು ಖಾಲಿ ಹೊಟ್ಟೆಯಲ್ಲಿ ಬೇಗ ಕುಡಿದರೂ 70 ಕಿಲೋದವನು ಸ್ವಲ್ಪ ಹೊತ್ತಿನಲ್ಲಿ 30ರ ಗೆರೆ ದಾಟಬಹುದು. ಆದ್ದರಿಂದ ‘ಸ್ವಲ್ಪ ಕುಡಿದ ಡ್ರೈವರ್’ ಎಂಬ ನಡುವಿನ ಜಾಗವನ್ನು ನಿಮ್ಮ ಯೋಜನೆಯಲ್ಲಿ ಇಡಲೇಬೇಡಿ. ಗಾಡಿ ಹೊಡೆಯುವವನು ಆ ಸಂಜೆ ಒಂದು ಗುಟುಕೂ ಕುಡಿಯದವನಾಗಿರಬೇಕು.

ಕುಡಿದ ನಂತರ ಯೋಚಿಸಿದರಾಯಿತು ಎನ್ನುವುದು ಏಕೆ ನಡೆಯುವುದಿಲ್ಲ ಎಂಬುದನ್ನೂ ಹೇಳಬೇಕು. ಮದ್ಯಸಾರ ಕೈಕಾಲುಗಳನ್ನು ತಡವರಿಸುವಂತೆ ಮಾಡುವುದಕ್ಕೆ ಬಹಳ ಮೊದಲೇ, ನನ್ನ ಸ್ಥಿತಿ ಈಗ ಹೇಗಿದೆ ಎಂದು ಅಳೆಯುವ ಶಕ್ತಿಯನ್ನೇ ಮಂಕು ಮಾಡುತ್ತದೆ. ನಾಲಿಗೆ ತೊದಲದೆ, ನಡಿಗೆ ತಪ್ಪದೆ ಇರುವ ಹಂತದಲ್ಲಿಯೇ ಮನುಷ್ಯ ತನ್ನ ಬಗ್ಗೆ ಹೆಚ್ಚು ಭರವಸೆ ಇಟ್ಟುಕೊಂಡಿರುತ್ತಾನೆ, ಅದೇ ಹೊತ್ತಿನಲ್ಲಿ ಏಕಕಾಲಕ್ಕೆ ಎರಡು ಮೂರು ಕಡೆ ಗಮನ ಕೊಡುವ ಅವನ ಸಾಮರ್ಥ್ಯ ಕುಗ್ಗಿರುತ್ತದೆ. ಗದಗ ರಸ್ತೆಯಲ್ಲಿ ರಾತ್ರಿ ಹೊತ್ತು ಬೇಕಾಗಿರುವುದು ಅದೇ ಸಾಮರ್ಥ್ಯ. ಎದುರಿನ ಲಾರಿಯ ದೀಪ ಕಣ್ಣು ಕುಕ್ಕುತ್ತಿರುವಾಗಲೇ ಎಡಗಡೆ ಹಿಂದೀಪವಿಲ್ಲದೆ ಸಾಗುತ್ತಿರುವ ಟ್ರ್ಯಾಕ್ಟರಿನ ಟ್ರೇಲರನ್ನು ಗುರುತಿಸಿ ವೇಗ ತಗ್ಗಿಸಬೇಕಾಗುತ್ತದೆ. ಟ್ರೇಲರ್ ತುಂಬ ಗೋವಿನಜೋಳದ ಚೀಲವೋ ಹತ್ತಿಯೋ ಇದ್ದಾಗ ಅದರ ಹಿಂಬದಿಯ ಕೆಂಪು ಪಟ್ಟಿಯೂ ಮುಚ್ಚಿಹೋಗಿರುತ್ತದೆ. ಎಚ್ಚರವಿದ್ದವನಿಗೂ ಅದು ಕಾಣುವುದು ತೀರಾ ಹತ್ತಿರ ಬಂದ ಮೇಲೆ. ಕುಡಿದವನ ಕಣ್ಣು ಆ ಪ್ರಖರ ಬೆಳಕಿನಿಂದ ಚೇತರಿಸಿಕೊಳ್ಳಲು ಇನ್ನೂ ತಡವಾಗುತ್ತದೆ, ಬ್ರೇಕಿನ ಮೇಲೆ ಕಾಲು ಬೀಳಲು ಮತ್ತೂ ತಡವಾಗುತ್ತದೆ. ಈ ಕಾರಣಕ್ಕೇ ಯಾರು ಗಾಡಿ ಹೊಡೆಯಬೇಕು ಎಂಬ ತೀರ್ಮಾನವನ್ನು ಮೇಜಿನ ಮುಂದೆ ಕೂತು ಮಾಡಬಾರದು, ಮನೆಯಲ್ಲಿ ಇರುವಾಗಲೇ ಮುಗಿಸಿರಬೇಕು.

ಈಗ ಯಾರು ಎಂಬ ಪ್ರಶ್ನೆಗೆ ಬರುತ್ತೇನೆ. ಸಾಮಾನ್ಯವಾಗಿ ಗುಂಪುಗಳು ಗಾಡಿಯನ್ನು ಒಪ್ಪಿಸುವುದು ಎಲ್ಲರಿಗಿಂತ ಕಡಿಮೆ ಕುಡಿದವನಿಗೆ, ಇಲ್ಲವೆ ‘ಎಷ್ಟು ಕುಡಿದರೂ ಇವನಿಗೆ ಏರುವುದಿಲ್ಲ’ ಎಂದು ಹೆಸರು ಮಾಡಿದವನಿಗೆ. ಎರಡೂ ತಪ್ಪು. ಕುಡಿದು ರೂಢಿ ಇದ್ದವನು ಅಮಲನ್ನು ಮುಚ್ಚಿಟ್ಟುಕೊಂಡು ಮಾತನಾಡಲು ಕಲಿತಿರುತ್ತಾನೆ, ಆದರೆ ಅವನ ರಕ್ತದಲ್ಲಿರುವ ಪ್ರಮಾಣ ಅದರಿಂದ ಇಳಿಯುವುದಿಲ್ಲ. ಅನಿರೀಕ್ಷಿತವಾಗಿ ಎದುರಾದ ಎಮ್ಮೆಯನ್ನು ತಪ್ಪಿಸಲು ಆ ರೂಢಿ ನೆರವಾಗುವುದೂ ಇಲ್ಲ. ಅಮೆರಿಕದ ಫ್ಲೋರಿಡಾ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರಾತ್ರಿ ಬಾರಿನಿಂದ ಹೊರಬರುತ್ತಿದ್ದವರ ಉಸಿರನ್ನು ಪರೀಕ್ಷಿಸಿದಾಗ, ‘ಇವತ್ತು ನಾನೇ ಡ್ರೈವರ್’ ಎಂದು ಹೇಳಿಕೊಂಡವರಲ್ಲಿ ಮೂರರಲ್ಲಿ ಒಂದು ಪಾಲಿನಷ್ಟು ಜನ ಕುಡಿದಿದ್ದರು. ನಿಮ್ಮ ಗೆಳೆಯನ ನಡೆ ಅಪರೂಪದ್ದೇನಲ್ಲ. ಕುಡಿಯುವ ಆಸೆ ಇಟ್ಟುಕೊಂಡೇ ಬಂದವನನ್ನು, ಎಲ್ಲರೂ ಕುಡಿಯುವ ಮೇಜಿನಲ್ಲಿ, ಮೂರು ನಾಲ್ಕು ತಾಸು ಬರಿಗೈಯಲ್ಲಿ ಕೂರಿಸಿದರೆ ಹೀಗಾಗುವ ಸಂಭವ ಹೆಚ್ಚು.

ಆದ್ದರಿಂದ ಮೊದಲು ನೋಡಬೇಕಾದದ್ದು ಆ ದಿನ ಕುಡಿಯದೆ ಇರಲು ಅವನಿಗೆ ತನ್ನದೇ ಆದ ಕಾರಣವಿದೆಯೇ ಎಂಬುದನ್ನು. ಶನಿವಾರ ಕುಡಿಯದವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಹನುಮಪ್ಪನ ವಾರ ಎಂದೋ, ಮನೆಯಲ್ಲಿ ಶ್ರಾವಣದ ನೇಮ ನಡೆದಿದೆ ಎಂದೋ, ಮರುದಿನ ಬೆಳಿಗ್ಗೆ ಯಾವುದೋ ಪರೀಕ್ಷೆ ಇದೆ ಎಂದೋ, ಸಕ್ಕರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುತ್ತಿದ್ದೇನೆ ಎಂದೋ ಅವರು ಹೇಳುತ್ತಾರೆ. ಅಂಥವರ ಮಾತು, ಗುಂಪಿನ ಮೇಲಿನ ಪ್ರೀತಿಗಾಗಿ ‘ಆಯ್ತು, ನಾನೇ ಬಿಡ್ತೀನಿ’ ಎಂದವನ ಮಾತಿಗಿಂತ ಗಟ್ಟಿ. ನಿಮ್ಮ ಆರು ಮಂದಿಯಲ್ಲಿ ಯಾರಿಗೂ ಇಂಥ ಕಾರಣವಿಲ್ಲದಿದ್ದರೆ ಆರರೊಳಗೇ ಹುಡುಕುವ ಹಟ ಬಿಡಿ. ಊಟಕ್ಕೆ ಮಾತ್ರ ಬರುವ ಏಳನೆಯವನನ್ನು ಕರೆಯಬಹುದು, ಬಾಡಿಗೆ ಗಾಡಿಯನ್ನಾದರೂ ಹಿಡಿಯಬಹುದು.

ಎರಡನೆಯದು ನಮ್ಮ ಕಡೆಯ ಗುಂಪುಗಳಲ್ಲಿ ಬಹಳ ಸಲ ಗಮನಕ್ಕೆ ಬಾರದೆ ಹೋಗುತ್ತದೆ: ಕುಡಿಯದವನಿಗೆ ಬೇಡ ಎನ್ನುವ ಸ್ಥಾನವಿದೆಯೇ? ಗುಂಪಿನ ತೀರಾ ಕಿರಿಯನನ್ನೋ, ಅಂಗಡಿಯಲ್ಲಿ ಕೆಲಸಕ್ಕಿರುವ ಹುಡುಗನನ್ನೋ, ಸೋದರಮಾವನ ಮಗನನ್ನೋ ‘ಅವ ಕುಡಿಯೂದಿಲ್ಲ’ ಎಂದು ಡ್ರೈವರ್ ಮಾಡುತ್ತಾರೆ. ರಾತ್ರಿ ಹನ್ನೊಂದೂವರೆಗೆ ಕಾರಿನ ಮಾಲೀಕ, ವಯಸ್ಸಿನಲ್ಲಿ ಹಿರಿಯ, ಬಾಗಿಲ ಬಳಿ ನಿಂತು ‘ತಾ ಇಲ್ಲಿ ಚಾವಿ, ನನ್ನ ಗಾಡಿ ನನಗ ಗೊತ್ತದ’ ಎಂದರೆ ಆ ಹುಡುಗ ‘ಅಣ್ಣಾರ, ಬ್ಯಾಡ್ರಿ’ ಎಂದು ಒಂದು ಸಲ ಅಂದಾನು, ಎರಡನೆಯ ಸಲಕ್ಕೆ ಚಾವಿ ಕೊಟ್ಟುಬಿಡುತ್ತಾನೆ. ಅವನು ಆ ಸಂಜೆ ಒಂದು ಹನಿ ಕುಡಿದಿರುವುದಿಲ್ಲ, ಆದರೂ ಯೋಜನೆ ಮುರಿದುಬೀಳುತ್ತದೆ. ಹಾಗಾಗಿ ಡ್ರೈವರ್ ಆದವನು ಮಾಲೀಕನಿಗೆ ಸರಿಸಮಾನವಾಗಿ ಎದುರುತ್ತರ ಕೊಡಬಲ್ಲವನಾಗಿರಬೇಕು. ಕಿರಿಯನೇ ಗತಿ ಎಂದಾದರೆ ಕಾರಿನ ಮಾಲೀಕನು ಸಂಜೆ ಮನೆಯಿಂದ ಹೊರಡುವಾಗ, ಎಲ್ಲರ ಎದುರಿಗೆ, ಸಾಧ್ಯವಾದರೆ ಮನೆಯವರ ಎದುರಿಗೆ ಚಾವಿಯನ್ನು ಅವನ ಕೈಗಿಟ್ಟು, ‘ರಾತ್ರಿ ನಾನು ಕೇಳಿದರೂ ಕೊಡಬೇಡ’ ಎಂದು ಹೇಳಬೇಕು. ಕುಡಿಯದ ಹೊತ್ತಿನ ಮಾಲೀಕನೇ ಕುಡಿದ ಹೊತ್ತಿನ ಮಾಲೀಕನಿಗೆ ಬೇಡ ಎಂದಂತಾಗುತ್ತದೆ, ಹುಡುಗನ ಮೇಲೆ ಆ ಭಾರ ಬೀಳುವುದಿಲ್ಲ. ಕಾರಿಗೆ ಎರಡನೆಯ ಚಾವಿ ಇದ್ದರೆ ಅದು ಮನೆಯಲ್ಲಿಯೇ ಉಳಿಯಲಿ.

ಮೂರನೆಯದು ನಿದ್ದೆ. ಕುಡಿಯದಿದ್ದರೆ ಸಾಕು, ಅವನು ಗಾಡಿ ಹೊಡೆಯಬಲ್ಲ ಎಂದುಕೊಳ್ಳಬೇಡಿ. ಹಿಂದಿನ ರಾತ್ರಿ ಪಾಳಿ ಮುಗಿಸಿ ಬಂದು ಹಗಲು ನಾಲ್ಕು ತಾಸು ಮಲಗಿದವನು ರಾತ್ರಿ ಹನ್ನೆರಡೂವರೆಗೆ ಸ್ಟೇರಿಂಗ್ ಹಿಡಿದರೆ ತೂಕಡಿಕೆಯ ಅಪಾಯ ಕುಡಿತದ ಅಪಾಯಕ್ಕಿಂತ ಕಡಿಮೆಯದೇನಲ್ಲ. ನೆಗಡಿಗೆಂದು ಸೆಟ್ರಿಜಿನ್‌ನಂಥ ಗುಳಿಗೆ ನುಂಗಿದವನಿಗೂ, ಕೆಲವು ಕೆಮ್ಮಿನ ಸಿರಪ್ ಕುಡಿದವನಿಗೂ ಮಂಪರು ಬರಬಹುದು. ಶನಿವಾರ ಮಧ್ಯಾಹ್ನ ಅವನಿಗೆ ಒಂದು ನಿದ್ದೆ ಆಗಿರಲಿ. ಚಾಲನಾ ಪರವಾನಗಿ ಇರಬೇಕಾದದ್ದು ಸರಿಯೇ, ಅದರ ಜೊತೆಗೆ ಆ ಕಾರನ್ನು ರಾತ್ರಿ ಹೆದ್ದಾರಿಯಲ್ಲಿ ಓಡಿಸಿದ ರೂಢಿಯೂ ಇರಬೇಕು. ದಿನವೂ ಸ್ಕೂಟರ್ ಮೇಲೆ ಓಡಾಡುವವನಿಗೆ ಬೇರೊಬ್ಬರ ದೊಡ್ಡ ಕಾರನ್ನು ಮೊದಲ ಸಲ ಆ ರಾತ್ರಿಯೇ ಒಪ್ಪಿಸಬಾರದು.

ಇನ್ನು ನಿಮ್ಮ ಶನಿವಾರದ ಲೆಕ್ಕ ಹಾಕೋಣ. ಐದು ಸೀಟಿನ ಕಾರಿನಲ್ಲಿ ಡ್ರೈವರ್ ಸೇರಿ ಐವರು ಕೂರುತ್ತಾರೆ. ನೀವು ಆರು ಮಂದಿ. ಆ ಒಬ್ಬನಿಗಾಗಿ ಬೈಕು ಹೊರಡುತ್ತದೆ, ಬೈಕಿನವನಿಗೆ ಜೊತೆಯಿರಲಿ ಎಂದು ಇನ್ನೊಬ್ಬ ಹತ್ತುತ್ತಾನೆ, ಹೀಗೆ ಒಬ್ಬ ಕುಡಿಯದ ಡ್ರೈವರನ್ನು ಇಟ್ಟುಕೊಂಡೂ ಇಬ್ಬರು ಕುಡಿದು ಬೈಕಿನ ಮೇಲೆ ಬರುತ್ತಾರೆ. ಗುಂಪಿನ ಯೋಜನೆಗಳು ತಪ್ಪುವುದು ಹೆಚ್ಚಾಗಿ ಈ ಒಂದು ಸೀಟಿನ ಕೊರತೆಯಿಂದ. ಗಾಡಿಗಳ ಸಂಖ್ಯೆಯನ್ನು ಎಣಿಸಬೇಡಿ, ಕುಡಿಯದ ಚಾಲಕರ ಸಂಖ್ಯೆಯನ್ನು ಎಣಿಸಿ. ಒಬ್ಬನೇ ಕುಡಿಯದವನಿದ್ದರೆ ಒಂದೇ ಗಾಡಿ ಹೊರಡಬೇಕು. ಎರಡೂ ಬೈಕುಗಳು ಮನೆಯಲ್ಲಿಯೇ ಉಳಿಯಬೇಕು, ಏಕೆಂದರೆ ಧಾಬಾದ ಅಂಗಳದಲ್ಲಿ ಬೈಕು ಕಣ್ಣೆದುರಿಗೆ ನಿಂತಿದ್ದರೆ ರಾತ್ರಿ ಅದನ್ನು ಬಿಟ್ಟು ಬರಲು ಯಾರಿಗೂ ಮನಸ್ಸಾಗುವುದಿಲ್ಲ.

ಗದಗಿನ ಗೆಳೆಯನದು ಬೇರೆಯದೇ ಪ್ರಶ್ನೆ. ಧಾಬಾದಿಂದ ಅವನ ಊರು ನಿಮ್ಮ ದಾರಿಗೆ ತದ್ವಿರುದ್ಧ ದಿಕ್ಕಿನಲ್ಲಿದೆ, ಅಣ್ಣಿಗೇರಿ ದಾಟಿ ಹೋಗಬೇಕು. ಕುಡಿಯದ ಡ್ರೈವರ್ ಅವನನ್ನು ಗದಗಿಗೆ ಬಿಟ್ಟು, ತಿರುಗಿ ಹುಬ್ಬಳ್ಳಿಗೆ ಬಂದು, ನವನಗರದ ಮೇಲೆ ಧಾರವಾಡ ಮುಟ್ಟುವುದೆಂದರೆ ನೂರಕ್ಕೂ ಹೆಚ್ಚು ಕಿಲೋಮೀಟರ್ ಆಗುತ್ತದೆ, ನಸುಕಿನ ಮೂರು ಗಂಟೆಯಾಗುತ್ತದೆ. ಆ ಭಾರವನ್ನು ಯಾವ ಡ್ರೈವರಿನ ಮೇಲೂ ಹಾಕಬಾರದು. ಅವನು ಆ ರಾತ್ರಿ ನವನಗರದ ಗೆಳೆಯನ ಮನೆಯಲ್ಲಿ ಉಳಿಯುವುದು ಸರಿಯಾದ ದಾರಿ. ಆದರೆ ಇದು ಶುಕ್ರವಾರವೇ ಗೊತ್ತಾಗಿರಬೇಕು. ನವನಗರದ ಗೆಳೆಯ ಮನೆಯಲ್ಲಿ ಹೇಳಿರಬೇಕು, ಗದಗಿನವನು ತನ್ನ ಮನೆಯಲ್ಲಿ ‘ನಾಳೆ ಮಧ್ಯಾಹ್ನ ಬರುತ್ತೇನೆ’ ಎಂದು ಹೇಳಿ, ಒಂದು ಜೊತೆ ಬಟ್ಟೆ ಹಿಡಿದು, ಬಸ್ಸಿನಲ್ಲಿಯೋ ರೈಲಿನಲ್ಲಿಯೋ ಬರಬೇಕು. ರಾತ್ರಿ ಹನ್ನೆರಡಕ್ಕೆ ಹೆಂಡತಿಯೋ ತಾಯಿಯೋ ಕರೆ ಮಾಡಿ ‘ಎಷ್ಟೊತ್ತಿಗೆ ಬರ್ತೀರಿ’ ಎಂದು ಕೇಳಿದಾಗ ಕುಡಿದವನು ‘ಈಗ ಹೊಂಟೆ’ ಎಂದು ಹೇಳಿ ಎದ್ದುಬಿಡುತ್ತಾನೆ. ಆ ಕರೆ ಬರದಂತೆ ಮೊದಲೇ ಹೇಳಿಟ್ಟಿರುವುದೂ ಏರ್ಪಾಡಿನ ಒಂದು ಭಾಗವೇ.

ನನ್ನನ್ನು ಕೇಳಿದರೆ ನೀವು ಧಾಬಾವನ್ನೇ ಬದಲಾಯಿಸಬೇಕು. ಹೆದ್ದಾರಿಯ ಧಾಬಾದಲ್ಲಿ ಬಯಲು, ಗಾಳಿ, ತಡರಾತ್ರಿಯವರೆಗೆ ಕೂರುವ ಅನುಕೂಲ ಇವೆ ಎಂಬುದು ನನಗೆ ಗೊತ್ತಿದೆ, ಆದರೆ ಅಲ್ಲಿಂದ ಹೊರಬೀಳಲು ಸ್ವಂತ ಗಾಡಿಯ ಹೊರತು ಬೇರೆ ದಾರಿಯಿಲ್ಲ. ಉಣಕಲ್, ವಿದ್ಯಾನಗರದ ಕಡೆ, ಹುಬ್ಬಳ್ಳಿ-ಧಾರವಾಡ ರಸ್ತೆಯ ಮೇಲೆ ಎಲ್ಲಿಯಾದರೂ, ಪರವಾನಗಿ ಇರುವ ಒಳ್ಳೆಯ ಹೋಟೆಲಿನಲ್ಲಿ ಸೇರಿದರೆ ಚಿತ್ರವೇ ಬದಲಾಗುತ್ತದೆ. ಧಾರವಾಡದವರು ಹೋಗುವಾಗ ಚಿಗರಿ ಬಸ್ಸು ಹತ್ತಿಯೂ ಬರಬಹುದು, ಗದಗಿನವನು ಹುಬ್ಬಳ್ಳಿಯಲ್ಲಿ ಇಳಿದು ಸೇರಿಕೊಳ್ಳಬಹುದು. ರಾತ್ರಿ ನವನಗರದ ಇಬ್ಬರೂ ಗದಗಿನವನೂ ಒಂದೇ ಆಟೋದಲ್ಲಿ ಸ್ವಲ್ಪ ಹೊತ್ತಿನಲ್ಲಿ ಮನೆ ಸೇರುತ್ತಾರೆ. ಕಾರಿನಲ್ಲಿ ಧಾರವಾಡದ ಮೂವರು ಮಾತ್ರ ಉಳಿಯುತ್ತಾರೆ, ಅವರಲ್ಲಿ ಒಬ್ಬ ಕುಡಿಯದ ಡ್ರೈವರ್. ಸೀಟಿನ ಕೊರತೆಯೂ ಇಲ್ಲ, ಹೆದ್ದಾರಿಯ ಕತ್ತಲೂ ಇಲ್ಲ. ಚಿಗರಿಯಲ್ಲಿಯೇ ಮರಳುವ ಆಲೋಚನೆ ಇದ್ದರೆ ಕೊನೆಯ ಬಸ್ಸಿನ ಹೊತ್ತನ್ನು ಸಂಜೆ ನಿಲ್ದಾಣದಲ್ಲಿಯೇ ಕೇಳಿಟ್ಟುಕೊಳ್ಳಿ, ಮತ್ತು ಅದಕ್ಕೆ ಅರ್ಧ ತಾಸು ಮೊದಲು ಏಳುವ ಜವಾಬ್ದಾರಿಯನ್ನು ಕುಡಿಯದವನಿಗೆ ಒಪ್ಪಿಸಿ. ಆಟೋದ ವಿಷಯದಲ್ಲಿ ಒಂದು ಮಾತು: ಬಾರುಗಳು ಮುಚ್ಚುವ ಹೊತ್ತಿಗೆ ಎಲ್ಲರೂ ಒಟ್ಟಿಗೆ ಬೀದಿಗೆ ಬರುತ್ತಾರೆ, ಆಗ ಆ್ಯಪಿನಲ್ಲಿ ಗಾಡಿ ಸಿಗುವುದು ತಡವಾಗುತ್ತದೆ. ನಿಮ್ಮ ಓಣಿಯ ಪರಿಚಯದ ಆಟೋದವರಿಗೆ ಹಿಂದಿನ ದಿನವೇ ಹೊತ್ತು, ಜಾಗ, ಬಾಡಿಗೆ ಮೂರನ್ನೂ ಮಾತಾಡಿ ಇಡಿ.

ಇಲ್ಲ, ಗದಗ ರಸ್ತೆಯ ಧಾಬಾವೇ ಆಗಬೇಕು ಎಂದು ಎಲ್ಲರೂ ಪಟ್ಟು ಹಿಡಿದರೆ ಚಾಲಕ ಸಮೇತ ಏಳು ಸೀಟಿನ ಬಾಡಿಗೆ ಗಾಡಿ ಮಾಡಿಕೊಳ್ಳಿ. ಬಾಡಿಗೆಯ ಜೊತೆಗೆ ರಾತ್ರಿ ಕಾಯುವ ಹಣ, ಡ್ರೈವರನ ಭತ್ತೆ, ಅವನ ಊಟ ಇವನ್ನೆಲ್ಲ ಮೊದಲೇ ಮಾತಾಡಿ ಮುಗಿಸಿ, ಆರು ಪಾಲು ಮಾಡಿ, ಹೊರಡುವ ಮುನ್ನವೇ ಹಣ ಕೂಡಿಸಿ. ಸ್ವಂತ ಕಾರನ್ನೇ ಒಯ್ಯುವುದಾದರೆ ಆ ರಾತ್ರಿಗೆ ಮಾತ್ರ ಬಾಡಿಗೆ ಚಾಲಕನನ್ನು ಕರೆಯಬಹುದು, ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ವಿಚಾರಿಸಿದರೆ ಅಂಥವರು ಸಿಗುತ್ತಾರೆ. ಆದರೆ ಆಗ ಡ್ರೈವರ್ ಏಳನೆಯವನಾಗುತ್ತಾನೆ, ನಿಮ್ಮ ಕಾರಿನಲ್ಲಿ ನಾಲ್ವರಿಗಷ್ಟೇ ಜಾಗ ಉಳಿಯುತ್ತದೆ ಎಂಬುದನ್ನು ಮರೆಯಬೇಡಿ. ಬಾಡಿಗೆ ಚಾಲಕನಿಗೆ ಒಳ್ಳೆಯ ಊಟ ಕೊಡಿಸಿ, ಮಲಗಲು ಸೀಟು ಬಿಟ್ಟುಕೊಡಿ, ಆದರೆ ‘ಪಾಪ, ಅವನೂ ನಮ್ಮಂತೆ ಮನುಷ್ಯ’ ಎಂದು ಅವನ ಕೈಗೆ ಗ್ಲಾಸು ಕೊಡುವ ಔದಾರ್ಯವನ್ನು ಯಾರೂ ತೋರಿಸಕೂಡದು. ಗಿರಾಕಿ ಕೊಟ್ಟದ್ದನ್ನು ಬೇಡ ಎನ್ನುವುದು ಅವನಿಗೆ ಕಷ್ಟ.

ಇಳಿಸುವ ಕ್ರಮವನ್ನೂ ನೋಡಿಕೊಳ್ಳಬೇಕು. ಎಲ್ಲರಿಗಿಂತ ದೂರದಲ್ಲಿ ಮನೆ ಇರುವವನೇ ಕುಡಿಯದ ಡ್ರೈವರ್ ಆದರೆ ಅತ್ಯುತ್ತಮ, ಏಕೆಂದರೆ ಒಬ್ಬೊಬ್ಬರನ್ನು ಬಿಡುತ್ತ ಹೋಗಿ ಕೊನೆಗೆ ಅವನು ತನ್ನ ಮನೆಯ ಮುಂದೆಯೇ ನಿಲ್ಲುತ್ತಾನೆ. ನವನಗರದವನು ಡ್ರೈವರ್ ಆಗಿ ಧಾರವಾಡದ ಸಪ್ತಾಪುರ, ಮಾಳಮಡ್ಡಿಯವರನ್ನು ಬಿಟ್ಟರೆ ಒಂದು ಗಂಟೆ ರಾತ್ರಿಯಲ್ಲಿ ಮಾತಿಗೆ ಯಾರೂ ಇಲ್ಲದೆ ಒಬ್ಬನೇ ತಿರುಗಿ ಬರಬೇಕಾಗುತ್ತದೆ, ತೂಕಡಿಕೆ ಹತ್ತುವುದು ಆ ಖಾಲಿ ಗಾಡಿಯಲ್ಲಿಯೇ. ಇಳಿಸುವಾಗ ಮುಖ್ಯ ರಸ್ತೆಯ ಮೇಲೆ ‘ಇಲ್ಲೇ ಬಿಡು, ನಡ್ಕೊಂಡು ಹೋಗ್ತೀನಿ’ ಎಂದವನ ಮಾತು ಕೇಳಬೇಡಿ. ಕುಡಿದು ರಸ್ತೆ ದಾಟುವವನಿಗೆ ಬರುವ ಗಾಡಿಯ ವೇಗ ಗೊತ್ತಾಗುವುದಿಲ್ಲ, ಗಾಡಿಯವನಿಗೆ ಅವನು ಯಾವ ಕಡೆ ಹೆಜ್ಜೆ ಇಡುತ್ತಾನೆ ಎಂಬುದು ಗೊತ್ತಾಗುವುದಿಲ್ಲ. ಮನೆಯ ಬಾಗಿಲು ತೆರೆದು ಒಳಗೆ ಹೋದದ್ದನ್ನು ನೋಡಿಯೇ ಗಾಡಿ ಮುಂದೆ ಹೋಗಲಿ. ಯಾರಾದರೂ ಎಬ್ಬಿಸಿದರೂ ಏಳದಷ್ಟು ಮತ್ತಿನಲ್ಲಿದ್ದರೆ, ಉಸಿರು ತೀರ ನಿಧಾನವಾಗಿದ್ದರೆ, ಮಲಗಿದಲ್ಲೇ ವಾಂತಿಯಾಗುತ್ತಿದ್ದರೆ ಅವನನ್ನು ಹಿಂದಿನ ಸೀಟಿನಲ್ಲಿ ಮಲಗಲು ಬಿಟ್ಟು ಹೋಗಬಾರದು. ಪಕ್ಕಕ್ಕೆ ಹೊರಳಿಸಿ ಮಲಗಿಸಿ 108ಕ್ಕೆ ಕರೆ ಮಾಡಬೇಕು, ಆಸ್ಪತ್ರೆ ಹತ್ತಿರವಿದ್ದರೆ ನೇರ ಅಲ್ಲಿಗೇ ಒಯ್ಯಬೇಕು.

ಮೇಜಿನ ಹತ್ತಿರ ಡ್ರೈವರನ ಮಾತು ಉಳಿಯಬೇಕಾದರೆ ಕೆಲವು ಸಣ್ಣ ಏರ್ಪಾಡುಗಳು ಬೇಕು. ಅವನು ಕುಡಿಯುವ ಸೋಡಾ, ಲಿಂಬು ಪಾನಕ, ತಂಪು ಪಾನೀಯ ಯಾವುದೇ ಇರಲಿ, ಅವನ ಮುಂದೆಯೇ ತೆರೆದ ಸೀಲ್ ಬಾಟಲಿಯದಾಗಿರಲಿ, ಗ್ಲಾಸು ಅವನ ಕೈಯಲ್ಲಿಯೇ ಇರಲಿ. ಕಪ್ಪು ತಂಪು ಪಾನೀಯದ ಗ್ಲಾಸಿನಲ್ಲಿ ರಮ್ ಸೇರಿದ್ದರೆ ಕಣ್ಣಿಗೆ ಗೊತ್ತಾಗುವುದಿಲ್ಲ, ‘ಅವನಿಗೂ ಸ್ವಲ್ಪ ಮಜಾ ಬರಲಿ’ ಎಂದು ಬೆರೆಸುವವರು ಇರುತ್ತಾರೆ. ಬಂದ ಕೂಡಲೇ ಅವನಿಗೆ ಬೇಕಾದ ಊಟವನ್ನು ಮೊದಲು ಹೇಳಿ, ಖಾರದ ಚಾಕ್ಣಾ ತಿನ್ನುತ್ತ ಹನ್ನೊಂದು ಗಂಟೆಯವರೆಗೆ ಹಸಿದು ಕೂತವನ ತಾಳ್ಮೆ ಬೇಗ ಮುಗಿಯುತ್ತದೆ. ಹೊರಡುವ ಹೊತ್ತನ್ನು ಅವನೇ ನಿರ್ಧರಿಸಲಿ, ಅವನು ಎದ್ದರೆ ಎಲ್ಲರೂ ಏಳಬೇಕು. ಊಟ ಮತ್ತು ಪೆಟ್ರೋಲಿನ ಹಣದಲ್ಲಿ ಅವನ ಪಾಲು ಇರಬಾರದು, ಮುಂದಿನ ಸಲ ಆ ಸರದಿ ಬೇರೊಬ್ಬನದಾಗಬೇಕು. ಕುಡಿಯದ ಒಬ್ಬನನ್ನೇ ಪ್ರತಿ ಸಲವೂ ದುಡಿಸಿಕೊಂಡ ಗುಂಪಿನಲ್ಲಿ ನಾಲ್ಕನೆಯ ಸಲ ಅವನು ಬರುವುದನ್ನೇ ಬಿಡುತ್ತಾನೆ.

ಇಷ್ಟಾದರೂ ಅವನು ಒಂದು ಗ್ಲಾಸು ಎತ್ತಿದ ಎಂದುಕೊಳ್ಳಿ. ಆ ಗಳಿಗೆಯಿಂದ ಅವನು ಡ್ರೈವರ್ ಅಲ್ಲ, ಎಷ್ಟು ಕುಡಿದ ಎಂಬ ವಾದಕ್ಕೆ ಇಳಿಯಬೇಡಿ. ಕಡಕ್ ಚಹಾ, ಮಜ್ಜಿಗೆ, ಲಿಂಬೆರಸ, ತಣ್ಣೀರು ಸ್ನಾನ, ವಾಂತಿ ಇವು ಯಾವುವೂ ರಕ್ತದೊಳಗಿನ ಮದ್ಯಸಾರವನ್ನು ಬೇಗ ಇಳಿಸುವುದಿಲ್ಲ. ಅದನ್ನು ಕರಗಿಸುವುದು ಲಿವರ್, ಅದರ ವೇಗ 100 ಮಿಲಿಲೀಟರ್ ರಕ್ತಕ್ಕೆ ತಾಸಿಗೆ ಸುಮಾರು 15 ಮಿಲಿಗ್ರಾಂ, ಅದನ್ನು ಅವಸರಪಡಿಸುವ ಉಪಾಯವಿಲ್ಲ. ಹೊಟ್ಟೆತುಂಬ ಉಂಡಿದ್ದರೆ ಮದ್ಯಸಾರ ನಿಧಾನವಾಗಿ ಏರುತ್ತದೆ ನಿಜ, ಆದರೆ ಕುಡಿದದ್ದು ಲೆಕ್ಕಕ್ಕೆ ಬಾರದೆ ಹೋಗುವುದಿಲ್ಲ. ಆದ್ದರಿಂದ ಎರಡನೆಯ ದಾರಿ ಮೊದಲೇ ಸಿದ್ಧವಿರಬೇಕು: ರಾತ್ರಿ ಎಷ್ಟು ಹೊತ್ತಿಗೆ ಕರೆದರೂ ಬರಲು ಒಪ್ಪಿದ ಒಬ್ಬ ಅಣ್ಣನೋ ನೆರೆಯವರೋ ಇರಬೇಕು, ಅವರ ನಂಬರು ಒಬ್ಬರ ಮೊಬೈಲಿನಲ್ಲಿ ಮಾತ್ರವಲ್ಲ, ಒಂದು ಚೀಟಿಯ ಮೇಲೂ ಇರಬೇಕು, ಬಾಡಿಗೆಗಾಗಿ ಬೇರೆ ತೆಗೆದಿಟ್ಟ ಹಣ ಕುಡಿತದ ಬಿಲ್ಲಿಗೆ ಹೋಗಬಾರದು. ಬೈಕು ತಂದವನು ಹೊರಡುತ್ತೇನೆ ಎಂದು ಹಟ ಹಿಡಿದರೆ ಹತ್ತು ಜನರ ಮುಂದೆ ‘ನೀನು ಕುಡಿದಿದ್ದೀ’ ಎಂದು ಹೇಳಬೇಡಿ, ಅದರಿಂದ ಅವನ ಹಟ ಹೆಚ್ಚುತ್ತದೆ. ಅವನು ಮಾತು ಕೇಳುವ ಒಬ್ಬನೇ ಗೆಳೆಯ ಪಕ್ಕಕ್ಕೆ ಕರೆದು, ‘ಚಾವಿ ನನ್ನ ಹತ್ತಿರ ಇರಲಿ, ನಾಳೆ ಇಬ್ಬರೂ ಬಂದು ಒಯ್ಯೋಣ’ ಎಂದರೆ ಹೆಚ್ಚಿನ ಸಲ ಕೇಳುತ್ತಾನೆ.

ಕಾನೂನನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಕುಡಿದು ಗಾಡಿ ಹೊಡೆದವನಿಗೆ ಮೊದಲ ಸಲ 6 ತಿಂಗಳವರೆಗೆ ಸೆರೆ, ಇಲ್ಲವೆ 10,000 ರೂಪಾಯಿ ದಂಡ, ಇಲ್ಲವೆ ಎರಡೂ ಆಗಬಹುದು. ಎರಡನೆಯ ಸಲ 2 ವರ್ಷದವರೆಗೆ ಸೆರೆ, ಇಲ್ಲವೆ 15,000 ರೂಪಾಯಿ ದಂಡ, ಇಲ್ಲವೆ ಎರಡೂ. ಬೈಕಿಗೂ ಇದೇ ಕಾನೂನು. ಕುಡಿದು ಗಾಡಿ ಹೊಡೆಯಲು ಕುಮ್ಮಕ್ಕು ಕೊಟ್ಟವನಿಗೂ ಶಿಕ್ಷೆಯುಂಟು ಎಂದು ಅದೇ ಕಾಯ್ದೆಯ 188ನೇ ಕಲಮು ಹೇಳುತ್ತದೆ. ಅಮಲಿನಲ್ಲಿದ್ದ ಚಾಲಕನಿಂದ ಕಾರಿಗೆ ಆದ ನಷ್ಟವನ್ನು ವಿಮೆಯ ಷರತ್ತುಗಳು ಹೊರಗಿಟ್ಟಿರುತ್ತವೆ, ನಿಮ್ಮ ಪಾಲಿಸಿಯ ಕಾಗದ ತೆಗೆದು ನೋಡಿದರೆ ಆ ಸಾಲು ಸಿಗುತ್ತದೆ.

ಭಾನುವಾರ ಬೆಳಗಿನ ಬಗ್ಗೆಯೂ ಯೋಚಿಸಿಡಿ, ಅದನ್ನು ಬಹಳ ಜನ ಮರೆಯುತ್ತಾರೆ. 70 ಕಿಲೋದವನು ರಾತ್ರಿ ಎಂಟಕ್ಕೆ ಆರಂಭಿಸಿ ನಾಲ್ಕು ದೊಡ್ಡ ಪೆಗ್ ಕುಡಿದಿದ್ದರೆ ಅವನ ರಕ್ತದ ಪ್ರಮಾಣ 30ಕ್ಕೆ ಇಳಿಯುವುದು ಬೆಳಗಿನ ಐದೂವರೆಯ ಆಸುಪಾಸಿಗೆ, ಪೂರ್ತಿ ಇಳಿಯುವುದು ಏಳೂವರೆಯ ಹೊತ್ತಿಗೆ. ಎರಡು ಕ್ವಾರ್ಟರ್ ಕುಡಿದವನು 30ಕ್ಕೆ ಬರಲು ಬೆಳಗಿನ ಹನ್ನೊಂದು ಬೇಕು. ನಿದ್ದೆ ಮಾಡಿ ಎದ್ದಿದ್ದೇನೆ, ತಲೆ ನೋಯುತ್ತಿಲ್ಲ ಎಂಬುದರಿಂದ ಈ ಲೆಕ್ಕ ಬದಲಾಗುವುದಿಲ್ಲ. ಗದಗಿನ ಗೆಳೆಯನನ್ನು ಬೆಳಿಗ್ಗೆ ಏಳಕ್ಕೆ ಬೈಕಿನ ಮೇಲೆ ಬಸ್ ನಿಲ್ದಾಣಕ್ಕೆ ಬಿಟ್ಟು ಬರುತ್ತೇನೆ ಎಂದು ನವನಗರದವನು ಹೊರಟರೆ ರಾತ್ರಿ ಮಾಡಿದ ಏರ್ಪಾಡೆಲ್ಲ ವ್ಯರ್ಥವಾಗುತ್ತದೆ. ಅವನು ಮಧ್ಯಾಹ್ನ ಉಂಡು, ಆಟೋ ಹಿಡಿದು ಬಸ್ಸಿಗೆ ಹೋಗಲಿ.

ಶುಕ್ರವಾರ ಸಂಜೆ ನಿಮ್ಮ ಗುಂಪಿಗೆ ಹೀಗೆ ಒಂದು ಸಂದೇಶ ಕಳಿಸಿ: ‘ನಾಳೆ ಕಾರು ಒಂದೇ, ಬೈಕು ತರಬಾರದು. ಗಾಡಿ ಹೊಡೆಯುವವನು ಇಂಥವನು, ಅವನು ಕುಡಿಯುವುದಿಲ್ಲ, ಚಾವಿ ಅವನ ಹತ್ತಿರ. ನವನಗರದವರಿಗೆ ಆಟೋ ಹೇಳಿದೆ. ಗದಗಿನವನು ನವನಗರದಲ್ಲಿ ಉಳಿಯುತ್ತಾನೆ. ಹನ್ನೊಂದಕ್ಕೆ ಏಳುವುದು.’ ಆ ‘ಇಂಥವನು’ ಇದ್ದಲ್ಲಿ ಹೆಸರು ಬರೆದು, ಹೆಸರಿನವನಿಂದಲೇ ಒಪ್ಪಿಗೆಯ ಉತ್ತರ ಬರೆಯಿಸಿ. ಶನಿವಾರ ಮಧ್ಯಾಹ್ನದ ಹೊತ್ತಿಗೆ ಅವನು ನಗೆಯಾಡಿ ಮಾತು ತೇಲಿಸಿದರೆ, ‘ನೋಡೂಣು ತಡಿ’ ಎಂದರೆ, ಅವನಿಗಾಗಿ ಕಾಯದೆ ಬಾಡಿಗೆ ಗಾಡಿಯವರಿಗೆ ಆಗಲೇ ಕರೆ ಮಾಡಿ. ಸಂಜೆ ಏಳರ ನಂತರ ಶನಿವಾರದಂದು ಖಾಲಿ ಗಾಡಿ ಸಿಗುವುದು ಕಷ್ಟ.